ಸಹಿಯಿಲ್ಲದ ವೋಚರ್

ಒಂಬತ್ತು ರೂಪಾಯಿ ಕದ್ದನೆಂದು ಐತಪ್ಪನನ್ನು ಕೆಲಸದಿಂದ ತೆಗೆದರು. ಅವನು ಕದ್ದಿರಲಿಲ್ಲ.

ಅದು ಕಮಲಾಕರನಿಗೆ ಗೊತ್ತಿತ್ತು. ಮದರಾಸಿನ ಆ ಕಾಫಿ ಬೀಜದ ಕಂಪನಿಗೆ ಅವನೇ ಅಕೌಂಟೆಂಟ್. ಚಿಲ್ಲರೆ ಖರ್ಚಿನ ನಿಯಮ ಬರೆದವನೂ ಅವನೇ. ಚಿಲ್ಲರೆ ಹಣ ನೋಡಿಕೊಳ್ಳುವ ಐತಪ್ಪನ ಪೆಟ್ಟಿಗೆಯಲ್ಲಿ ಐವತ್ತು ರೂಪಾಯಿ ಇಂಪ್ರೆಸ್ಟ್, ಅಂದರೆ ಖರ್ಚಿಗೆಂದು ಕೊಟ್ಟಿಟ್ಟ ಮುಂಗಡ. ಪ್ರತಿ ಖರ್ಚಿಗೂ ವೋಚರ್. ಐದು ರೂಪಾಯಿ ಮೀರಿದರೆ ಕೊಡುವ ಮೊದಲೇ ಅಕೌಂಟೆಂಟರ ಸಹಿ. ಸೋಮವಾರಕ್ಕೊಮ್ಮೆ, ವೋಚರುಗಳು ಎಷ್ಟಾದವೋ ಅಷ್ಟನ್ನೇ ಕೊಟ್ಟು ಪೆಟ್ಟಿಗೆಯನ್ನು ಮತ್ತೆ ಐವತ್ತಕ್ಕೆ ತುಂಬಿಸುವುದು. ಯಾವಾಗ ಎಣಿಸಿದರೂ ನಗದು, ವೋಚರು ಕೂಡಿ ಐವತ್ತಿರಬೇಕು.

ಒಂದು ಶನಿವಾರ ಕಮಲಾಕರ ತೆರಿಗೆ ಕಚೇರಿಯಿಂದ ಫೋನ್ ಮಾಡಿದ್ದ.

"ಐತಪ್ಪ, ಗೂಡ್ಸ್ ಶೆಡ್ಡಿನ ಮೂಟೆ ಇವತ್ತೇ ಎತ್ತಿಸು. ಇಲ್ಲಾಂದ್ರೆ ರೈಲ್ವೆಯವರ ಡೆಮರೇಜ್ ದಂಡ ಬೀಳ್ತದೆ. ಎತ್ತಿನ ವಂಡಿಯವನಿಗೆ ಒಂಬತ್ತು ಕೊಟ್ಬಿಡು."

"ಸಹಿ ಬೇಕಲ್ಲ, ಅಣ್ಣ?"

"ಸೋಮವಾರ ಹಾಕ್ತೇನೆ ಮಾರಾಯ!"

ಸೋಮವಾರ ಬೆಳಿಗ್ಗೆ ಮಾಲೀಕ ವಿಷ್ಣುಮೂರ್ತಿ ಬಂದವರೇ ಪೆಟ್ಟಿಗೆ ತೆರೆಸಿದರು. ವಂಡಿಯವನ ಹೆಬ್ಬೆಟ್ಟು ಮಾತ್ರ ಇದ್ದ, ಸಹಿಯಿಲ್ಲದ ವೋಚರನ್ನು ಎತ್ತಿ ಹಿಡಿದರು. "ಈ ಹೆಬ್ಬೆಟ್ಟು ಯಾರದ್ದಾ? ನಿನ್ನ ಕಾಲಿನದ್ದೋ?" ಅದನ್ನು ಪಕ್ಕಕ್ಕಿಟ್ಟರೆ ಪೆಟ್ಟಿಗೆಯಲ್ಲಿ ಒಂಬತ್ತು ಕಡಿಮೆ.

ಐತಪ್ಪ ಕಮಲಾಕರನ ಮುಖ ನೋಡಿದ. ಆ ತಿಂಗಳು ಕಮಲಾಕರನ ಬಡ್ತಿಯ ಕಾಗದಕ್ಕೆ ಮಾಲೀಕರು ಸಹಿ ಹಾಕುವುದಿತ್ತು.

"ನಿಯಮದ ಪ್ರಕಾರ ಅದು ವೋಚರೇ ಅಲ್ಲ, ಸಾರ್," ಎಂದ ಕಮಲಾಕರ.

ಸುಳ್ಳೇನೂ ಹೇಳಲಿಲ್ಲ. ಇಂಥ ಸತ್ಯ ಹೇಳಲೆಂದೇ ನಮ್ಮನ್ನು ಓದಿಸಿ ಕುರ್ಚಿಯಲ್ಲಿ ಕೂರಿಸುತ್ತಾರೆ.

ಬಡ್ತಿ ಬಂತು. ಕಮಲಾಕರ ಊಟ ಮಾಡುವ ಹೋಟೆಲಿನಲ್ಲಿ ಈಗ ಐತಪ್ಪ ಎಂಜಲೆಲೆ ಎತ್ತುತ್ತಿದ್ದ. ಬೈಯಲಿಲ್ಲ. "ಅನ್ನ ಬಿಡ್ಬೇಡಿ ಅಣ್ಣ. ಇಲ್ಲೂ ಲೆಕ್ಕ ನನ್ನ ತಲೆಗೇ ಕಟ್ಟಿಯಾರು," ಎಂದು ನಕ್ಕ. ಕಮಲಾಕರನಿಗೆ ತುತ್ತು ಇಳಿಯಲಿಲ್ಲ. ಮರುದಿನದಿಂದ ಬೇರೆ ಹೋಟೆಲಿಗೆ ಹೋದ. ಅಲ್ಲೂ ಇಳಿಯಲಿಲ್ಲ.

ಮಾರ್ಚಿನಲ್ಲಿ ಹೊಸ ವರ್ಷದ ಬಜೆಟ್. ಕಮಲಾಕರ ಬರೆದ ಕರಡು: ಇಂಪ್ರೆಸ್ಟ್ ಎಪ್ಪತ್ತು, ಸೋಮವಾರ ಬರುವ ಮೊದಲೇ ನಗದು ಹದಿನೈದಕ್ಕಿಳಿದರೆ ಅಂದೇ ತುಂಬಿಸುವುದು, ಅಕೌಂಟೆಂಟ್ ಇಲ್ಲದಾಗ ಸಹಿ ಹಾಕಲು ಇನ್ನೊಬ್ಬರು.

ವಿಷ್ಣುಮೂರ್ತಿ ಎಪ್ಪತ್ತನ್ನು ಹೊಡೆದು ಮೂವತ್ತು ಮಾಡಿದರು. "ತುಂಬಿಸುವುದು ತಿಂಗಳಿಗೊಮ್ಮೆ ಸಾಕು. ಕಾರಣ ಬರಿ: ಐತಪ್ಪನ ಹಣ ದುರುಪಯೋಗ. ಕೆಳಗೆ ಸಹಿ ಹಾಕು."

ಕಮಲಾಕರ ಹಳೆಯ ಫೈಲಿನಿಂದ ಆ ವೋಚರನ್ನು ಹೊರತೆಗೆದ. 'ನಾನೇ ಫೋನಿನಲ್ಲಿ ಹೇಳಿ ಕೊಡಿಸಿದ್ದು' ಎಂದು ಬರೆದು ಸಹಿ ಹಾಕಿ, ಹಳೆಯದಲ್ಲ, ಬರೆದ ದಿನದ ತಾರೀಕನ್ನೇ ನಮೂದಿಸಿದ. ಅದನ್ನು ಮಾಲೀಕರ ಮುಂದಿಟ್ಟ.

ವಿಷ್ಣುಮೂರ್ತಿ ಓದಿದರು. "ಎಂಥ ಹುಚ್ಚು ಮಾರಾಯ? ಹರಿದು ಹಾಕು ಅದನ್ನು. ಬಜೆಟ್ಟಿಗೆ ಸಹಿ ಹಾಕಿ ಮನೆಗೆ ಹೋಗು."

"ಹರಿಯುವುದಿಲ್ಲ, ಸಾರ್. ಈ ಬಜೆಟ್ಟಿಗೆ ಸಹಿಯೂ ಹಾಕುವುದಿಲ್ಲ."