ನಲವತ್ತಾರು ಗಾಜುಗಳಲ್ಲಿ ಉಳಿದ ಎಂಟು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಮೂಗಿನ ತುದಿಯ ಮೇಲೆ. ೧೯೫೦ರ ಚೈತ್ರದಲ್ಲಿ ಹುಮನಾಬಾದಿನ ಡಾಕ್ ಬಂಗಲೆಗೆ ಹೋದಾಗಲೂ ಅದನ್ನು ಜೊತೆಗೇ ಒಯ್ದಿದ್ದೆ. ನಾನು ಮಹಾರುದ್ರಪ್ಪ, ಬಸವಕಲ್ಯಾಣದ ಶಾಲೆಯ ವಿಜ್ಞಾನದ ಮಾಸ್ತರ. ಆಗಿನ್ನೂ ಎಲ್ಲರೂ ಊರನ್ನು ಕಲ್ಯಾಣಿ ಅನ್ನುತ್ತಿದ್ದರು. ಹೈದರಾಬಾದಿನಿಂದ ಪ್ರೊಫೆಸರ್ ಖಮರುದ್ದೀನರು ಬಂದು ಬಂಗಲೆಯಲ್ಲಿ ಇಳಿದಿದ್ದರು. ನಾರುಹುಣ್ಣಿನ ಬಗ್ಗೆ ವಿಶ್ವವಿದ್ಯಾಲಯದಲ್ಲಿ ಎರಡು ತಾಸು ಕೊಡುವ ಉಪನ್ಯಾಸವನ್ನು ಅವರು ಮರುದಿನ ನಮ್ಮ ಮಕ್ಕಳಿಗೆ ಅರ್ಧ ತಾಸಿನಲ್ಲಿ ಹೇಳಬೇಕಿತ್ತು. ಗೋಡೆಯ ಮೇಲೆ ಚಿತ್ರ ಬೀಳಿಸುವ ಲಾಟೀನು, ಅದಕ್ಕೆ ಹಾಕುವ ನಲವತ್ತಾರು ಗಾಜಿನ ಚಿತ್ರಗಳು ಅವರ ಪೆಟ್ಟಿಗೆಯಲ್ಲಿದ್ದವು.

ನಾರು ಅಂದರೆ ಗೊತ್ತಲ್ಲ, ಕಾಲಿನ ಗುಳ್ಳೆ ಒಡೆದು ಮೊಳದುದ್ದದ ಬಿಳಿ ಹುಳ ಹೊರಬೀಳುವ ರೋಗ. ಆ ವರ್ಷ ನಮ್ಮ ಓಣಿಯೊಂದರಲ್ಲೇ ಹನ್ನೊಂದು ಮಕ್ಕಳು ಹಾಸಿಗೆ ಹಿಡಿದಿದ್ದವು. ಬೇಸಿಗೆ ರಜೆ ಬಂತೆಂದರೆ ಉಳಿದವೆಲ್ಲ ಇಡೀ ದಿನ ಮೆಟ್ಟಿಲಬಾವಿಯಲ್ಲೇ. ರಜೆಗೆ ಮುಂಚೆ ಅವರ ತಲೆಗೆ ಈ ಮಾತು ಇಳಿಯದಿದ್ದರೆ ಮುಂದಿನ ಚೈತ್ರಕ್ಕೆ ಬೆಂಚು ಖಾಲಿ. ಲಾಟೀನು ಮತ್ತೆ ಈ ಕಡೆ ಬರುವ ಭರವಸೆ ಯಾರಿಗೂ ಇರಲಿಲ್ಲ.

ಪ್ರೊಫೆಸರರು ವಿವರಣೆಯ ಕಾಗದಗಳನ್ನು ಮುಂಚೆಯೇ ಕಳಿಸಿದ್ದರು. ನಾನು ಹದಿನೈದು ದಿನ ಕೂತು ನಲವತ್ತಾರೂ ಚಿತ್ರಗಳ ವಿವರಣೆಯನ್ನು ಕನ್ನಡಕ್ಕೆ ಇಳಿಸಿದ್ದೆ. ಎಂಥ ಕನ್ನಡ ಅಂತೀರಿ! ಒಂದೊಂದು ಶಬ್ದವೂ ರೇಷ್ಮೆ ಶಾಲು ಹೊದ್ದುಕೊಂಡ ಹಾಗೆ. ಬಂಗಲೆಯಲ್ಲಿ ಅವರ ಮುಂದೆ ಎದೆಯುಬ್ಬಿಸಿ ಓದಿದೆ: "ಬಾಧಿತ ಅಂಗವು ಜಲಸಂಪರ್ಕಕ್ಕೆ ಬಂದಾಗ ಡಿಂಭಗಳ ವಿಸರ್ಜನೆಯಾಗಿ, ಮಧ್ಯಂತರ ಆಶ್ರಯದಾತ ಜೀವಿಯು ಅವುಗಳನ್ನು ಸೇವಿಸುತ್ತದೆ."

ಚಹಾ ತಂದಿದ್ದ ಅಡುಗೆಯ ಯುನೂಸ್ ಬಾಗಿಲಲ್ಲೇ ನಿಂತುಬಿಟ್ಟ. "ಮಾಸ್ತರ್, ಇದು ಯಾರ ಮನಿ ವಾಸ್ತುಶಾಂತಿ ಮಂತ್ರರಿ?"

ನನ್ನ ಮೈಯೆಲ್ಲ ಉರಿಯಿತು. "ನಿನಗೇನ್ ತಿಳೀತದೋ? ಚಹಾ ಇಟ್ಟು ನಡಿ!" ಎಂದೆ.

ಪ್ರೊಫೆಸರರು ನಗಲಿಲ್ಲ. "ಯುನೂಸ್, ಕುಂದ್ರಪಾ. ಇವತ್ತು ನೀನ ನಮ್ಮ ಪರೀಕ್ಷಾ ಸಾಹೇಬ. ತಿಳೀಲಿಲ್ಲ ಅಂದ್ರ ಕೈ ಎತ್ತು" ಎಂದರು. ಅಷ್ಟು ಓದಿದವರು ಒಬ್ಬ ಅಡುಗೆಯವನ ಮುಂದೆ ತಮ್ಮ ಆರು ವರ್ಷದ ಕೆಲಸ ಹರಡಿ ಕೂತರು. ಇಂಥ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಹೊರಸಿನ ಮೇಲೆ ದುಪ್ಪಟಿ ಹಾಸಿ ಗಾಜುಗಳನ್ನು ಸಾಲಾಗಿ ಇಟ್ಟೆವು. ಪ್ರತಿಯೊಂದಕ್ಕೂ ಅವರದು ಎರಡೇ ಪ್ರಶ್ನೆ. "ಇದನ್ನ ತಿಳ್ಕೊಂಡು ಹುಡುಗ ಏನು ಮಾಡ್ತಾನ? ಇದಕ್ಕ ನಿಮ್ಮೂರಾಗ ಕಣ್ಣಿಗೆ ಕಾಣೂ ಉದಾಹರಣಿ ಏನದ?" ಎರಡಕ್ಕೂ ಉತ್ತರ ಸಿಗದಿದ್ದರೆ ಗಾಜು ಪೆಟ್ಟಿಗೆಗೆ. ಯಾವ ದೇಶದಲ್ಲಿ ಎಷ್ಟು ರೋಗಿಗಳು ಅನ್ನುವ ಕೋಷ್ಟಕಗಳು ಹೋದವು. ಲ್ಯಾಟಿನ್ ಹೆಸರುಗಳು ಹೋದವು. ಹುಳದ ಒಡಲನ್ನು ಅವರೇ ತೆಳ್ಳಗೆ ಕೊಯ್ದು ಬಣ್ಣ ಹಚ್ಚಿ ತೆಗೆದ ಚಿತ್ರವೊಂದಿತ್ತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದೊಂದು ಇರ್ಲಿ ಬಿಡ್ರಿ ಸಾಹೇಬ್ರ, ಎಷ್ಟು ಚಂದ ಅದ" ಎಂದೆ.

"ಚಂದ ಅದ. ನನಗ ಚಂದ, ಮಕ್ಕಳಿಗಲ್ಲ" ಎಂದು ಅದನ್ನೂ ಪೆಟ್ಟಿಗೆಗೆ ಹಾಕಿದರು. ನನ್ನ ರೇಷ್ಮೆ ಶಾಲುಗಳ ಬಗ್ಗೆ ಆಮೇಲೆ ನಾನು ಬಾಯಿ ತೆರೆಯಲಿಲ್ಲ.

'ಮಧ್ಯಂತರ ಆಶ್ರಯದಾತ'ನಿಗೆ ಯುನೂಸನೇ ದಾರಿ ತೋರಿಸಿದ. ನೀರಿನಲ್ಲಿ ಕುಪ್ಪಳಿಸುವ, ರವೆಗಿಂತ ಸಣ್ಣ ಹುಳವೊಂದು ನಾರಿನ ಮರಿಯನ್ನು ನುಂಗುತ್ತದೆ, ಮರಿ ಎರಡು ವಾರ ಅದರೊಳಗೇ ಬಲಿಯುತ್ತದೆ, ಆ ಹುಳ ನೀರಿನ ಜೊತೆ ನಮ್ಮ ಹೊಟ್ಟೆಗೆ ಹೋದರೆ ಮಾತ್ರ ರೋಗ ಎಂದು ಪ್ರೊಫೆಸರರು ಬಿಡಿಸಿ ಹೇಳಿದರು. "ಹಂಗಂದ್ರ ಅದು ಕುದುರಿ ಟಾಂಗಾ ಇದ್ದಂಗ್ರಿ" ಎಂದ ಯುನೂಸ್. "ಟಾಂಗಾ ಹತ್ತದ ಮರಿ ಊರು ಮುಟ್ಟಂಗಿಲ್ಲ." ಪ್ರೊಫೆಸರರು ಎದ್ದು ಅವನ ಬೆನ್ನು ತಟ್ಟಿದರು. 'ಸುಪ್ತಾವಧಿ' ಅನ್ನುವುದು, ಈ ಯುಗಾದಿಗೆ ಕುಡಿದದ್ದು ಬರೋ ಯುಗಾದಿಗೆ ಹೊರಗೆ ಬೀಳುತ್ತದೆ ಎಂದಾಯಿತು. ಗಾಜುಗಳು ಒಂಬತ್ತಕ್ಕೆ ಇಳಿದವು.

ಒಂಬತ್ತರಲ್ಲಿ ಒಂದು, ನೀರಿನಲ್ಲಿ ಇಳಿಬಿಟ್ಟ ಕಾಲಿನ ಚಿತ್ರ. ಪ್ರೊಫೆಸರರು ನನ್ನ ವಾಕ್ಯವನ್ನೇ ಎತ್ತಿಕೊಂಡರು. "ಬಾಧಿತ ಅಂಗ, ಜಲಸಂಪರ್ಕ. ಇದಕ್ಕ ನಿಮ್ಮೂರಾಗ ಏನಂತಾರ?"

"ಗುಳ್ಳಿ ಎದ್ದ ಕಾಲು ನೀರಾಗ ಇಡೂದ್ರಿ. ಉರಿ ಆರ್ಲಿ ಅಂತ ಬಾವಿ ಮೆಟ್ಟಿಲ ಮ್ಯಾಲ..." ಅನ್ನುತ್ತಲೇ ಆ ಗಾಜನ್ನು ದುಪ್ಪಟಿಯ ಮೇಲೆ ಬೋರಲು ಹಾಕಿದೆ.

ಹೋದ ಚೈತ್ರದಲ್ಲಿ ನನ್ನ ಮಗಳು ಶಕುಂತಲಾಳ ಹಿಮ್ಮಡಿಯಲ್ಲಿ ನಾರು ಎದ್ದಿತ್ತು. ಉರಿ ತಾಳಲಾರದೆ ಕೂಗಿಕೊಳ್ಳುತ್ತಿದ್ದ ಮಗುವನ್ನು ನಾನೇ ಎತ್ತಿಕೊಂಡು ಹೋಗಿ, ಎಂಟು ದಿನ ಬಾವಿಯ ಮೆಟ್ಟಿಲ ಮೇಲೆ ಕೂಡಿಸಿ ಕಾಲು ನೀರಿಗೆ ಇಳಿಬಿಡಿಸಿದ್ದೆ. ಓಣಿಯವರೆಲ್ಲ ಕುಡಿಯುವ ನೀರು. ಈ ವರ್ಷ ಹನ್ನೊಂದು ಮಕ್ಕಳು. ಐದು ವರ್ಷ ಈ ಪಾಠ ಮಾಡಿದ್ದೇನೆ, ಹದಿನೈದು ದಿನ ಅದನ್ನೇ ಬರೆದಿದ್ದೇನೆ, ಆದರೂ ಅದು ನನ್ನ ಮನೆಯ ಮಾತು ಅಂತ ತಿಳಿದಿರಲಿಲ್ಲ. ಛೀ, ನನ್ನ ವಿದ್ಯೆಗಿಷ್ಟು! ಬೇರೆಯವರ ತಟ್ಟೆಯ ನೊಣ ಹುಡುಕುವವನ ತಟ್ಟೆಯಲ್ಲೇ ಹೆಗ್ಗಣ ಬಿದ್ದಿತ್ತು.

"ಈ ಗಾಜು ಬ್ಯಾಡ್ರಿ ಸಾಹೇಬ್ರ. ಹ್ಯಾಂಗೂ ವ್ಯಾಳ್ಯಾ ಸಾಲಂಗಿಲ್ಲ" ಎಂದೆ. ಯಾಕೆ ಎಂದು ಕೇಳಿದರು. ಸುಳ್ಳು ಹೇಳಲು ಆಗಲಿಲ್ಲ, ಎಲ್ಲ ಹೇಳಿದೆ. ನಾಳೆ ಓಣಿಯ ಮಕ್ಕಳೆಲ್ಲ ಶಾಲೆಯಲ್ಲಿರುತ್ತಾರೆ, ನನ್ನ ಮಗಳೂ ಇರುತ್ತಾಳೆ ಎಂದೆ.

ಅವರು ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಇದನ್ನ ತೆಗೆದ್ರ ಉಳಿದ ಎಂಟೂ ಸುಮ್ಮನ, ಮಾಸ್ತರ್" ಎಂದು, ಅದರ ಬದಲು, ಹೊರಬಿದ್ದ ನಾರನ್ನು ಸುತ್ತಿ ಎಳೆಯುವ ಕಡ್ಡಿಯ ಚಿತ್ರವನ್ನು ಎತ್ತಿ ಪೆಟ್ಟಿಗೆಗೆ ಹಾಕಿದರು. "ಅದು ನಿಮ್ಮ ಮಕ್ಕಳಿಗೆ ಮೊದಲ ಗೊತ್ತದ. ಈ ಕಾಲಿನ ಉದಾಹರಣಿ ನೀವ ಹೇಳ್ರಿ. ಹೆಸರು ಬೇಕಿಲ್ಲ. ಒಬ್ಬ ಅಪ್ಪ ಅನ್ರಿ, ಸಾಕು."

ಮರುದಿನ ಕಲ್ಯಾಣಿಯ ಶಾಲೆಯಲ್ಲಿ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದೆವು. ಟಾಂಗಾದ ಮಾತಿಗೆ ಮಕ್ಕಳು ಹೋ ಎಂದು ನಕ್ಕವು. ಬಾವಿಯ ನೀರನ್ನು ಗಾಜಿನ ಲೋಟದಲ್ಲಿ ಬಾಗಿಲ ಬೆಳಕಿಗೆ ಹಿಡಿದು ಕುಪ್ಪಳಿಸುವ ಹುಳ ತೋರಿಸಿದಾಗ ನಗು ನಿಂತಿತು. ಧೋತರ ಮಡಚಿ ಕೊಡದ ಬಾಯಿಗೆ ಕಟ್ಟಿ ನೀರು ಸೋಸಿದರೆ ಹುಳ ಬಟ್ಟೆಯ ಮೇಲೇ ಉಳಿಯುತ್ತದೆ ಎಂದು ಪ್ರೊಫೆಸರರು ಹೇಳಿ, ಎರಡನ್ನೂ ಮೇಜಿನ ಮೇಲೆ ಇಟ್ಟರು. ಆಮೇಲೆ ಗೋಡೆಯ ಮೇಲೆ ಕಾಲಿನ ಚಿತ್ರ ಬಿತ್ತು. ಪ್ರೊಫೆಸರರು ಪಕ್ಕಕ್ಕೆ ಸರಿದು ನಿಂತರು.

"ಒಬ್ಬ ಅಪ್ಪ ಇದ್ದ" ಎಂದು ಶುರು ಮಾಡಿದೆ. "ಮಗಳ ಉರಿ ಆರ್ಲಿ ಅಂತ ಅಕಿ ಕಾಲು ಬಾವಿ ನೀರಾಗ ಇಳಿಬಿಡಿಸಿದ. ನೀರು ತಾಗಿದ ಕೂಡಲೆ ನಾರು ಸಾವಿರಗಟ್ಟಲೆ ಮರಿ ಬಿಟ್ಟಿತು. ಆ ನೀರು..."

"ಯಾರ ಅಪ್ಪರಿ?" ಹಿಂದಿನ ಸಾಲಿನಿಂದ ಒಂದು ಹುಡುಗಿ ಕೇಳಿತು. ಅದರ ಅಣ್ಣ ಹಾಸಿಗೆ ಹಿಡಿದು ತಿಂಗಳಾಗಿತ್ತು.

ಕತ್ತಲಿತ್ತು, ತಪ್ಪಿಸಿಕೊಳ್ಳಬಹುದಿತ್ತು. "ನಾನವ್ವಾ" ಎಂದೆ. "ನಿಮ್ಮ ಮಹಾರುದ್ರಪ್ಪ ಮಾಸ್ತರ. ವಿಜ್ಞಾನ ಕಲಿಸಾವ."

ಲಾಟೀನಿನ ಬೆಳಕಿನಲ್ಲಿ ಶಕುಂತಲಾ ಎದ್ದು ನಿಂತದ್ದು ಕಂಡಿತು. ಅವಳು ಕುಂಟುತ್ತ ಮುಂದೆ ಬಂದು, ಪ್ರೊಫೆಸರರ ಮೇಜಿನ ಮೇಲಿದ್ದ ಧೋತರದ ತುಂಡನ್ನು ಎತ್ತಿ ಎರಡು ಪದರ ಮಡಚಿ ಕೊಡದ ಬಾಯಿಗೆ ಬಿಗಿದಳು. ಲೋಟದ ನೀರನ್ನು ಅದರ ಮೇಲೆ ಸುರಿದಳು. ಬಟ್ಟೆಯ ಮೇಲೆ ಉಳಿದ ಹುಳಗಳನ್ನು ಹಿಂದಿನ ಸಾಲಿನ ಆ ಹುಡುಗಿಗೆ ಒಯ್ದು, ಕಿಟಕಿಯ ಕಂಬಳಿ ಸರಿಸಿ ತೋರಿಸಿದಳು.

"ನಮ್ಮಪ್ಪಗ ಗೊತ್ತಿರ್ಲಿಲ್ಲ" ಎಂದಳು. "ಈಗ ನಿನಗ ಗೊತ್ತಾತು. ಮನಿಗೆ ಹೋಗಿ ನಿಮ್ಮಪ್ಪಗ ಹೇಳು."