ಆರು ಗಂಟೆಯ ಬಿಲ್ಲು

ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು, ಬಟ್ಟೆ ಒಗೆಯುವ ಯಂತ್ರದ ಕೈಪಿಡಿಯನ್ನು ನಮ್ಮ ಭಾಷೆಗೆ ತಂದವನು ಜನ್ಮದಲ್ಲಿ ಒಮ್ಮೆಯೂ ಅಂಥ ಯಂತ್ರದ ಗುಂಡಿ ಒತ್ತಿದವನಲ್ಲ. ಅವನ ಮೂರು ಅಂಗಿಗಳಿಗೆ ಒಂದು ಬಕೆಟ್ಟೇ ಯಂತ್ರ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು, ವಸತಿಗೃಹದ ಕೌಂಟರಿನಲ್ಲಿ ನಾಲ್ಕು ವರ್ಷ ನಿಂತು ಪರಭಾಷೆ ಕಲಿತವನು. ಕೆಳಗಿನ ಅಂಗಡಿಯ ಯಜಮಾನರು ಅವನಿಗೆ ಡಿಕ್ಷನರಿ ಎಂದು ಹೆಸರಿಟ್ಟಿದ್ದರು. ಕೋಣೆಯೂ ಅವರದ್ದೇ.

"ಏನಯ್ಯಾ ಡಿಕ್ಷನರಿ, ನಿನ್ನ ಪುಸ್ತಕದಲ್ಲಿ ಬಾಡಿಗೆ ಅನ್ನೋ ಪದ ಇದೆಯಾ?"

"ಇದೆ ಯಜಮಾನ್ರೇ. ಅರ್ಥ ಇನ್ನೂ ಸಿಕ್ಕಿಲ್ಲ."

ದಿನಕ್ಕೆ ಅಷ್ಟೇ ಮಾತು. ಉಳಿದಂತೆ ಅವನಿಗೆ ಗೋಡೆಯೇ ಜೊತೆ.

ಆ ತಿಂಗಳು ಮಾತ್ರ ಹಾಗಿರಲಿಲ್ಲ. ಯಂತ್ರ ತಯಾರಿಸುವ ಕಂಪನಿಯ ಪರವಾಗಿ ಅನುವಾದ ತಿದ್ದುವ ಹೆಂಗಸೊಬ್ಬರು ಬೇರೆ ಊರಿನಿಂದ ಫೋನ್ ಮಾಡುತ್ತಿದ್ದರು. ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು, ಈಗ ಕಂಪನಿಯಲ್ಲಿ ಗುತ್ತಿಗೆಯ ಕೆಲಸ. ಮೊದಲ ದಿನ ಅವನು ಮೇಡಂ ಎಂದ. "ಮೇಡಂ ಅನ್ನಿಸಿಕೊಂಡು ಕಿವಿ ಜಡ್ಡುಗಟ್ಟಿದೆ, ಅಕ್ಕ ಅನ್ನು ತಮ್ಮಾ" ಎಂದರು. ಅಲ್ಲಿಂದ ಅಕ್ಕ.

ಒಪ್ಪಂದ ಸರಳವಾಗಿತ್ತು. ಮೂಲದ ಪ್ರತಿ ಪದಕ್ಕೆ ಎರಡು ರೂಪಾಯಿ. ಒಂದು ಸುತ್ತಿನ ತಿದ್ದುಪಡಿ ಅದರಲ್ಲೇ ಸೇರಿದ್ದು. ಕರಡಿಗೆ ಒಪ್ಪಿಗೆ ಕೊಟ್ಟ ಮೇಲೆ ಕಂಪನಿಯೇ ಮನಸ್ಸು ಬದಲಿಸಿದರೆ ಗಂಟೆಗೆ ಮುನ್ನೂರು, ಅದಕ್ಕೆ ಬರಹದ ಅನುಮತಿ ಬೇಕು. ಅಕ್ಕ ಕರಡನ್ನು ಒಪ್ಪಿದ್ದೂ ಆಯಿತು. ಆಮೇಲೆ ಕಂಪನಿಯ ಮೇಲಿನವರು 'ತಿರುಗುವ ತೊಟ್ಟಿ' ಬೇಡ, 'ಡ್ರಮ್' ಸಾಕು, ಎಚ್ಚರಿಕೆಯ ಸಾಲುಗಳೂ ಗಿಡ್ಡ ಆಗಲಿ ಎಂದು ಹಟ ಹಿಡಿದರು. ಅನುಮತಿ ಆಮೇಲೆ ಬರೆದು ಕೊಡುತ್ತೇನೆ, ಮೊದಲು ಮುಗಿಸೋಣ ಎಂದು ಅಕ್ಕ ಫೋನ್ ಎತ್ತಿದರು. ಮಧ್ಯಾಹ್ನ ಮೂರಕ್ಕೆ ಗಂಟೆ ಬಾರಿಸಿದ ಹಾಗೆ ಕರೆ ಬರುತ್ತಿತ್ತು. ಇವನು ಪುಟ ತೆರೆದಿಟ್ಟುಕೊಳ್ಳುವನು, ಅವರು ಸಾಲು ಓದುವರು, ಇವನು ತಿದ್ದುವನು.

ತಿದ್ದುತ್ತ ತಿದ್ದುತ್ತ ಮಾತು ದಾರಿ ಬಿಟ್ಟು ಹೊಲಕ್ಕೆ ಇಳಿಯುತ್ತಿತ್ತು. ಒಬ್ಬರಿಗೆ ಅನ್ನ ಮಾಡಲು ಹೋದರೂ ಇಬ್ಬರಿಗಾಗುತ್ತದೆ, ಕೈಗೆ ಅಳತೆ ಮರೆಯುವುದೇ ಇಲ್ಲ ಎಂದು ಅವರು ಹೇಳಿದ್ದರು. ಅವರ ಗಂಡ ತೀರಿಕೊಂಡು ಆರು ವರ್ಷ. ಅವನು ಹೇಳಿದ್ದು ಅಮ್ಮನ ಕಡೆಯ ದಿನಗಳನ್ನು, ಯಾರಿಗೂ ಹೇಳದಿದ್ದದ್ದನ್ನು. ಕೇಳಿ ಮುಗಿಸಿದ ಅವರು, "ಊಟ ಆಯ್ತಾ?" ಎಂದಿದ್ದರು. ಆ ಪ್ರಶ್ನೆ ಕೇಳಿಸಿಕೊಂಡು ಅವನಿಗೆ ವರ್ಷಗಳಾಗಿದ್ದವು.

ಕೆಲಸ ಮುಗಿಯಿತು, ಕರೆ ನಿಂತಿತು. ಬಿಲ್ಲು ಬರೆಯಬೇಕಾಯಿತು. ಹದಿನಾಲ್ಕು ಸಾವಿರದ ಇನ್ನೂರು ಪದಕ್ಕೆ ಇಪ್ಪತ್ತೆಂಟು ಸಾವಿರದ ನಾನೂರು. ಹೆಚ್ಚುವರಿ ತಿದ್ದುಪಡಿ ಎಷ್ಟು ಗಂಟೆ? ಪ್ರತಿ ಕರೆ ಎಷ್ಟು ನಿಮಿಷ ನಡೆಯಿತೆಂದು ಅವನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಹನ್ನೊಂದು ಕರೆ, ಮುನ್ನೂರ ಅರವತ್ತೆರಡು ನಿಮಿಷ. ಎರಡು ನಿಮಿಷ ಧರ್ಮಕ್ಕೆ ಬಿಟ್ಟು ಆರು ಗಂಟೆ ಎಂದು ಹಾಕಿದ: ಸಾವಿರದ ಎಂಟುನೂರು. ಒಟ್ಟು ಮೂವತ್ತು ಸಾವಿರದ ಇನ್ನೂರು. ತನ್ನ ತೆರಿಗೆ ಸಂಖ್ಯೆಯನ್ನು ಎರಡು ಸಲ ಓದಿ ಬರೆದ; ಅದಿಲ್ಲದಿದ್ದರೆ ಕಡಿತ ಇಮ್ಮಡಿಯಾಗುತ್ತದೆ.

ಮೂರು ವಾರ ಕಳೆದರೂ ದುಡ್ಡಿಲ್ಲ. ಸಿಟ್ಟು ನೆತ್ತಿಗೇರಿ ಕಂಪನಿಯ ಲೆಕ್ಕ ವಿಭಾಗಕ್ಕೆ ಫೋನ್ ಹಚ್ಚಿದ.

"ಪದದ ಲೆಕ್ಕ ಸರಿ ಇದೆ ಸಾರ್," ಎಂದ ಗುಮಾಸ್ತ. "ಆರು ಗಂಟೆಗೆ ಅನುಮತಿ ಎಲ್ಲಿ?"

"ದುಡಿಸಿಕೊಳ್ಳೋವಾಗ ಅನುಮತಿ ಕೇಳಿದ್ರಾ? ಶಾಲೆ ಓದಿಲ್ಲ ಅಂತ ಕಿವಿಗೆ ಹೂ ಇಡ್ತೀರಾ?"

"ಹೂ ನಮ್ಮ ಬಜೆಟ್‌ನಲ್ಲಿಲ್ಲ ಸಾರ್. ತಿದ್ದಿದವರಿಂದ ಒಂದು ಮೇಲ್ ತರಿಸಿ. ಮೂಲದಲ್ಲೇ ಹತ್ತು ಪರ್ಸೆಂಟ್ ತೆರಿಗೆ ಕಡಿತ ಆಗುತ್ತೆ, ಮೂರು ಸಾವಿರದ ಇಪ್ಪತ್ತು. ಅದು ನಿಮ್ಮ ಸಂಖ್ಯೆಗೆ ಜಮಾ. ಆದಾಯ ಕಡಿಮೆ ಇದ್ರೆ ವರ್ಷದ ಲೆಕ್ಕ ಸಲ್ಲಿಸಿ ವಾಪಸ್ ತಗೋಬಹುದು. ಕೈಗೆ ಇಪ್ಪತ್ತೇಳು ಸಾವಿರದ ನೂರ ಎಂಬತ್ತು."

ಆ ಸಿಟ್ಟಿನಲ್ಲೇ ಅವನು ಅಕ್ಕನಿಗೆ ಫೋನ್ ಮಾಡಿದ. ನಿಜ ಹೇಳಬೇಕೆಂದರೆ ಸಿಟ್ಟೊಂದು ನೆಪ.

"ಅಯ್ಯೋ ತಮ್ಮಾ, ಮರೆತೇಬಿಟ್ಟೆ ಕಣೋ, ಈಗಲೇ ಬರೀತೀನಿ. ಎಷ್ಟು ಗಂಟೆ?"

"ಆರು."

"ಆರಾ? ಆ ತಿದ್ದುಪಡಿ ಎರಡು ಗಂಟೆ ಮೇಲೆ ಹಿಡೀಲಿಲ್ಲವಲ್ಲ."

"ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದೀನಿ ಅಕ್ಕ. ಹನ್ನೊಂದು ಕರೆ. ನಿಮಿಷದ ಸಮೇತ."

ಹೇಳಿದ ಮೇಲೆ ಅವನ ಮಾತು ಅವನಿಗೇ ಕೇಳಿಸಿತು. ಅಷ್ಟರಲ್ಲಿ ಬಾಣ ಬಿಟ್ಟಾಗಿತ್ತು.

"ಅನ್ನದ ವಿಚಾರ ಮಾತಾಡಿದ್ದೂ ಬರ್ಕೊಂಡಿದ್ದೀಯಾ?" ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಹೋಗಲಿ ಬಿಡಪ್ಪ. ದುಡ್ಡು ಕಂಪನಿದು. ಆರು ಅಂತಲೇ ಬರೀತೀನಿ."

ಹತ್ತು ನಿಮಿಷದಲ್ಲಿ ಅವನ ಹೆಸರಿಗೇ ಮೇಲ್ ಬಂತು, ಲೆಕ್ಕ ವಿಭಾಗಕ್ಕೊಂದು ಪ್ರತಿ. 'ಮಾನ್ಯರೇ, ಬಿಲ್ಲು ಸಂಖ್ಯೆ ಏಳರಲ್ಲಿರುವ ಆರು ಗಂಟೆಯ ಹೆಚ್ಚುವರಿ ತಿದ್ದುಪಡಿಗೆ ಒಪ್ಪಿಗೆ ಇದೆ.' ಮಾನ್ಯರೇ. ತಮ್ಮಾ ಅಂತ ಕರೆದ ಬಾಯಿ.

ಅವನು ನೋಟ್‌ಬುಕ್ ತೆಗೆದು ಕೂತ. ನಲವತ್ತೊಂದು ನಿಮಿಷ. ಇಪ್ಪತ್ತೆಂಟು ನಿಮಿಷ. ಐವತ್ತಮೂರು, ಅದು ಅಮ್ಮನ ವಿಷಯ ಹೇಳಿದ ದಿನ. ಬಿಲ್ಲಿಗೆಂದು ಬರೆದದ್ದಲ್ಲ ಅದು. ಮಾತಾಡಿದ ದಿನಗಳನ್ನು ಎಲ್ಲಾದರೂ ಬರೆದಿಡಬೇಕು ಅನ್ನಿಸಿತ್ತು, ಬರೆದಿದ್ದ. ಬಿಲ್ಲು ಬರೆಯುವಾಗ ಅದೇ ಪುಟ ಕೈಗೆ ಸಿಕ್ಕಿತು. ಇದನ್ನು ಯಾರಿಗೆ ಬಿಡಿಸಿ ಹೇಳುವುದು? ಹೇಳಿದರೂ ಲೆಕ್ಕದ ಹುಳುವಿನ ನೆವ ಅನ್ನಿಸೀತು.

ಕಡೆಗೆ ಬಿಲ್ಲನ್ನೇ ತಿದ್ದಿದ. ಹೆಚ್ಚುವರಿ ತಿದ್ದುಪಡಿ ಎರಡು ಗಂಟೆ, ಆರುನೂರು. ಒಟ್ಟು ಇಪ್ಪತ್ತೊಂಬತ್ತು ಸಾವಿರ. ಹಳೆಯ ಬಿಲ್ಲು ರದ್ದು ಎಂದು ಕೆಳಗೆ ಬರೆದು ಕಳಿಸಿದ.

ಮರುದಿನ ಗುಮಾಸ್ತನೇ ಫೋನ್ ಮಾಡಿದ. "ಸಾರ್, ಬಿಲ್ಲು ಕಮ್ಮಿ ಮಾಡಿ ಕಳಿಸಿದವರನ್ನ ಸರ್ವೀಸ್‌ನಲ್ಲಿ ಇದೇ ಮೊದಲು ನೋಡ್ತಿರೋದು. ಮೈಗೆ ಹುಷಾರಿದೆ ತಾನೇ?"

"ಎರಡೇ ಗಂಟೆ ಕೆಲಸ. ಅಷ್ಟೇ."

"ಇರಲಿ. ಆದ್ರೆ ಅನುಮತಿ ಹಳೇ ಬಿಲ್ಲಿಗಿದೆ, ಆರು ಗಂಟೆಗಿದೆ. ತಾಳೆ ಆಗಲ್ಲ, ಆಡಿಟ್‌ನೋರು ನನ್ನ ಜುಟ್ಟು ಹಿಡೀತಾರೆ. ಅವರಿಂದ ಎರಡು ಗಂಟೆಗೆ ಇನ್ನೊಂದು ಮೇಲ್ ತರಿಸಿ."

ಅವನು ಮೂರು ಗಂಟೆಯವರೆಗೂ ಕಾದ. ಕೆಳಗೆ ಗಾಳಿ ತುಂಬುವ ಯಂತ್ರ ಕೂಗಿ ಕೂಗಿ ನಿಂತಿತು. ಆಗ ಫೋನ್ ಮಾಡಿದ. ತುಂಬಾ ಹೊತ್ತಿನ ಮೇಲೆ ಎತ್ತಿದರು.

"ಹೇಳಿ."

ಬಹುವಚನ. ಕಪಾಳಕ್ಕೆ ಬಿದ್ದ ಹಾಗಾಯಿತು.

"ಬಿಲ್ಲು ತಿದ್ದಿದ್ದೀನಿ ಅಕ್ಕ. ಎರಡು ಗಂಟೆ ಅಂತ. ನೀವು ಇನ್ನೊಂದು ಸಲ ಬರೆದುಕೊಡಬೇಕಂತೆ."

ಅತ್ತ ನಲ್ಲಿಯ ನೀರು ಬೀಳುವ ಸದ್ದು. ಅದು ನಿಂತಿತು.

"ಉಳಿದ ನಾಲ್ಕು ಗಂಟೆ?"

"ಅದು ಕೆಲಸ ಅಲ್ಲ ಅಕ್ಕ."

ಇನ್ನೂ ಏನೋ ಹೇಳಬೇಕಿತ್ತು. ಹದಿನಾಲ್ಕು ಸಾವಿರ ಪದ ಹುಡುಕಿ ಕೊಟ್ಟವನಿಗೆ ಆಗ ಒಂದೂ ಸಿಗಲಿಲ್ಲ.

"ಸರಿ, ಬರೀತೀನಿ," ಎಂದರು. ಫೋನ್ ಇಡಲಿಲ್ಲ. ಅವನೂ ಇಡಲಿಲ್ಲ. ಆಮೇಲೆ ಅವರೇ ಇಟ್ಟರು.

ಮೇಲ್ ಬಂತು. ಸಂಬೋಧನೆಯೇ ಇರಲಿಲ್ಲ, ಮಾನ್ಯರೇ ಇಲ್ಲ, ತಮ್ಮಾ ಇಲ್ಲ. ಸಂಖ್ಯೆ, ಗಂಟೆ, ಹೆಸರು. ವಾರದೊಳಗೆ ಎರಡು ಸಾವಿರದ ಒಂಬೈನೂರು ತೆರಿಗೆ ಕಡಿದು ಇಪ್ಪತ್ತಾರು ಸಾವಿರದ ನೂರು ಅವನ ಖಾತೆಗೆ ಬಿತ್ತು. ಎರಡು ತಿಂಗಳ ಬಾಡಿಗೆ ಯಜಮಾನರ ಕೈಗಿಟ್ಟ.

"ಅರ್ಥ ಸಿಕ್ತಾ ಡಿಕ್ಷನರಿ?" ಎಂದರು ಅವರು ಎಣಿಸುತ್ತ.

ಅವನು ಮೆಟ್ಟಿಲು ಹತ್ತಿದ. ಮೂರಕ್ಕೆ ಹತ್ತು ನಿಮಿಷವಿತ್ತು. ಅಕ್ಕನ ಜೊತೆಗಿನ ಆ ಕೊನೆಯ ಕರೆ ಒಂದು ನಿಮಿಷ ಐವತ್ತು ಸೆಕೆಂಡು ಎಂದು ಫೋನ್ ತೋರಿಸುತ್ತಿತ್ತು. ಅದನ್ನು ಅವನು ನೋಟ್‌ಬುಕ್ಕಿನಲ್ಲಿ ಬರೆದಿರಲಿಲ್ಲ. ಫೋನನ್ನು ಮೇಜಿನ ಮೇಲೆ, ಕೈಗೆಟುಕುವ ಕಡೆ ಇಟ್ಟುಕೊಂಡು ಕೂತ.