ಹೆಸರು ಮುಚ್ಚಿ ಓದುತ್ತೇವೆ

ಹೋದ ವರ್ಷ ಗೋಕಾಕದ ಟೆಕ್ ಮೀಟಪ್‌ನಲ್ಲಿ ಮಾತಾಡಲು ಸುತ್ತಲಿನ ಊರಿನವರು ಯಾರೂ ಮುಂದೆ ಬರಲಿಲ್ಲ. ಈ ಸಲವೂ ಹಾಗಾದರೆ ಮೀಟಪ್ಪೇ ನಿಲ್ಲುತ್ತದೆಂದು ಅದನ್ನು ನಡೆಸುವ ರಾಧಿಕಾಳಿಗೆ ಗೊತ್ತಿತ್ತು. ಇನ್‌ಸ್ಟಾಗ್ರಾಂ ಪೋಸ್ಟರಿನ ಕೆಳಗೆ ಅವಳು ನಿಧಾನವಾಗಿ ಬರೆದಳು: "ವಿಷಯ: ಮೊಬೈಲ್ ಆ್ಯಪ್, ಹೊಲಕ್ಕೆ ಸೆನ್ಸರ್, ಕನ್ನಡದಲ್ಲಿ ಎಐ. ಕೊನೆಯ ದಿನ ಮಾರ್ಚ್ ಹದಿನೈದು. ಮಾತಿನ ಸಾರಾಂಶವನ್ನು ಫಾರ್ಮಿನಲ್ಲಿ ಕಳಿಸಿ. ನಾವು ಮೂವರು, ಕಳಿಸಿದವರ ಹೆಸರು ಮುಚ್ಚಿ ಓದಿ, ಅಂಕ ಕೊಡುತ್ತೇವೆ. ಆಯ್ಕೆಯಾಗದವರಿಗೂ ಕಾರಣ ತಿಳಿಸುತ್ತೇವೆ. ಮೊದಲ ಸಲ ಮಾತಾಡುವವರೂ ಬರ್ರಿ."

"ಇಷ್ಟುದ್ದ ಯಾರ ಓದ್ತಾರಕ್ಕಾ? ಲಗ್ನಪತ್ರಿಕಿ ಆಗೇತಿ," ಎಂದ ಜೊತೆಗಾರ ಮಹಾಂತೇಶ.

"ಊಟ ಐತೋ ಇಲ್ಲೋ ನೋಡಾಕರ ಓದ್ತಾರ ತಗೋ."

ಓದಿದರು. ಮೂಡಲಗಿ, ಹುಕ್ಕೇರಿ, ಕೊಣ್ಣೂರ, ಕಲ್ಲೋಳಿಗಳಿಂದ ಸಾರಾಂಶಗಳು ಬಂದವು. ಮಹಾಂತೇಶನೂ ಒಂದು ಕಳಿಸಿದ್ದರಿಂದ ಓದುವ ಮೂವರಲ್ಲಿ ಅವನಿರಲಿಲ್ಲ. ಅಂಕ ಕೂಡಿಸಿ ಹೆಸರು ತೆರೆದಾಗ ಎಲ್ಲರಿಗಿಂತ ಮೇಲೆ ಕಲ್ಲೋಳಿಯ ಕಾಜಲ್ ಇದ್ದಳು. ಕಬ್ಬಿನ ಹೊಲಕ್ಕೆ ತಾನೇ ಮಾಡಿದ ಸೆನ್ಸರ್ ಅವಳ ವಿಷಯ. ರಾಧಿಕಾ ಫೋನ್ ಮಾಡಿದಳು.

"ಹೋದ ವರ್ಷ ಯಾಕ ಕಳಸಲಿಲ್ಲವ್ವಾ?"

"ಹೆಂಗ ಆರಸ್ತೀರಿ ಅಂತ ಬರದಿದ್ದಿಲ್ಲಲ್ರಿ ಅಕ್ಕಾ. ನಿಮ್ಮವರಿಗೇ ಕೊಡ್ತೀರಿ ಅಂತ ತಿಳಕೊಂಡಿದ್ವಿ."

ರಾಧಿಕಾ ಫೋನಿಟ್ಟು ಮನಸಾರೆ ನಕ್ಕಳು. ಈ ಸಲ ಮಾತಾಡುವವರೆಲ್ಲ ಈ ಸೀಮೆಯವರೇ.

"ನಂದ್ಯಾಕ ಆರಸಲಿಲ್ಲಕ್ಕಾ?" ಮಹಾಂತೇಶ ಕೇಳಿದ.

"ಕಾರಣ ಮೇಲ್ ಮಾಡೇನಿ. ಉದ್ದ ಐತಿ, ಪೂರ್ತಿ ಓದು."